ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ

ನಾನು ಸಲಹಾ ಸಮಿತಿಯ ಸದಸ್ಯನಾಗಿರುವ ಗ್ರಂಥಾಲಯವೊಂದರಲ್ಲಿ ಈಚೆಗೆ ಒಂದು ಪ್ರಸ್ತಾವ ಚರ್ಚೆಗೆ ಬಂತು. ಪುಸ್ತಕಗಳ ಪಟ್ಟಿ ಪೂರ್ತಿಯಾಗಿ ಕಂಪ್ಯೂಟರಿಗೆ ಸೇರಿರುವುದರಿಂದ ಇನ್ನು ಅವುಗಳನ್ನು ವಿಷಯವಾರು ಜೋಡಿಸಬೇಕಿಲ್ಲ. ಬಂದ ಕ್ರಮದಲ್ಲೇ ದಾಖಲೆ ಸಂಖ್ಯೆ ಬರೆದು ಕಪಾಟಿಗೆ ಸೇರಿಸಿದರೆ ಸಾಕು. ಓದುಗರು ಒಂದು ಪದವನ್ನು ಟೈಪು ಮಾಡಿದರೆ ಪುಸ್ತಕವಿರುವ ಜಾಗ ತಿಳಿಯುತ್ತದೆ ಎಂಬುದು ಅದರ ಸಾರಾಂಶ. ಇದರಿಂದ ಸ್ಥಳವೂ ಸಿಬ್ಬಂದಿಯ ಸಮಯವೂ ಉಳಿಯುತ್ತವೆಂಬುದು ನಿಜ. ಆದರೂ ನಾನು ಅದನ್ನು ಒಪ್ಪಲಿಲ್ಲ. ಕಾರಣವನ್ನು ನನಗೆ ಪರಿಚಿತವಾದ ಒಂದು ವಿಷಯದ ಮೂಲಕ ಹೇಳುತ್ತೇನೆ.

ಕರ್ನಾಟಕದ ನೀರಾವರಿಯ ಅರ್ಥಶಾಸ್ತ್ರವನ್ನು ಕುರಿತ ಪುಸ್ತಕವನ್ನು ತೆಗೆದುಕೊಳ್ಳೋಣ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯ ಈಗಿನ ರೂಪದಲ್ಲಿ ಭೂಮಿ ಮತ್ತು ಪ್ರಾಕೃತಿಕ ಸಂಪತ್ತಿನ ಅರ್ಥಶಾಸ್ತ್ರಕ್ಕೆ 333, ಅದರಲ್ಲಿ ನೀರಿಗೆ 333.91, ನೀರಾವರಿಗೆ 333.913. ಮುಂದೆ ಸ್ಥಳವನ್ನು ಸೂಚಿಸುವ 09, ಆಮೇಲೆ ಕರ್ನಾಟಕಕ್ಕೆ 5487. ಹೀಗೆ 333.913095487 ಎಂಬ ಉದ್ದನೆಯ ಸಂಖ್ಯೆ ಹುಟ್ಟುತ್ತದೆ. ಕರ್ನಾಟಕದ ಇತಿಹಾಸದ 954.87ರಲ್ಲಿಯೂ ಇದೇ 5487 ಅಡಗಿದೆ. ಆದ್ದರಿಂದ ಇದು ಬರಿಯ ಮನೆ ನಂಬರಲ್ಲ. ಗ್ರಂಥಪಾಲಕರೊಬ್ಬರು ಪುಸ್ತಕವನ್ನು ತೆರೆದು ನೋಡಿ, ಅದು ಏನನ್ನು ಹೇಳುತ್ತದೆಂದು ನಿರ್ಣಯಿಸಿ ಬರೆದ ಒಂದು ಸಾಲಿನ ತೀರ್ಪು.

ಪದ ಹುಡುಕಾಟದಲ್ಲಿ ಇಂಥ ತೀರ್ಪಿಲ್ಲ. ಅಲ್ಲಿರುವುದು ಅಕ್ಷರಗಳ ಹೊಂದಾಣಿಕೆ. ಇಂಗ್ಲಿಷಿನಲ್ಲಿ ಕೆರೆಗೆ 'ಟ್ಯಾಂಕ್' ಎಂದು ಟೈಪು ಮಾಡಿದರೆ ಯುದ್ಧ ಟ್ಯಾಂಕುಗಳ ಪುಸ್ತಕಗಳೂ ಬರುತ್ತವೆ. ಕನ್ನಡದಲ್ಲಿ ತೊಡಕು ಇನ್ನೊಂದು ಬಗೆಯದು. ಇಡೀ ಪದವನ್ನಷ್ಟೇ ಹೋಲಿಸುವ ವ್ಯವಸ್ಥೆಯಲ್ಲಿ 'ಕೆರೆ' ಎಂದರೆ 'ಕೆರೆಗಳು', 'ಕೆರೆಯ' ಎಂಬ ರೂಪಗಳು ಕೈತಪ್ಪುತ್ತವೆ. ಶೀರ್ಷಿಕೆ ರೋಮನ್ ಲಿಪಿಯಲ್ಲಿ ದಾಖಲಾಗಿದ್ದರಂತೂ ಕನ್ನಡ ಅಕ್ಷರಗಳಿಗೆ ಅದು ಸಿಗುವುದೇ ಇಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ನಮಗೆ ಹೊಳೆಯದ ಪದವನ್ನು ನಾವು ಟೈಪು ಮಾಡಲಾರೆವು.

ಕಪಾಟು ನೆರವಿಗೆ ಬರುವುದು ಇಲ್ಲಿಯೇ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು ಒಳ್ಳೆಯ ಜೋಡಣೆಯ ಲಕ್ಷಣವನ್ನು ವಿವರಿಸಿದ್ದರು. ನಾವು ಬಯಸುವ ವಿಷಯ ನಡುವೆ ಇರಬೇಕು, ಅದರ ಎರಡೂ ಬದಿಗೆ ಹತ್ತಿರದ ನಂಟಿನ ವಿಷಯಗಳು, ಅವುಗಳಾಚೆ ನಂಟಿಲ್ಲದವು. ನೀರಾವರಿಯ ಪುಸ್ತಕಕ್ಕೆ ಕೈಚಾಚಿದವನಿಗೆ ಪಕ್ಕದಲ್ಲೇ ನೀರಿನ ಬಳಕೆಯ ಪುಸ್ತಕಗಳು ಕಾಣುತ್ತವೆ. ನೌಕರಿಯಲ್ಲಿದ್ದಾಗ ಕೆರೆಗಳ ಬಗ್ಗೆ ಟಿಪ್ಪಣಿ ಸಿದ್ಧಪಡಿಸಲು ಹೋದ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹೀಗೆ ಪಕ್ಕದಲ್ಲಿ ನಿಂತಿದ್ದ ಪುಸ್ತಕವೇ. ಅದರ ಶೀರ್ಷಿಕೆಯಲ್ಲಿ 'ಕೆರೆ' ಎಂಬ ಪದವೇ ಇರಲಿಲ್ಲ.

ಈ ಪದ್ಧತಿಗೂ ಮಿತಿಗಳಿವೆ. ಒಂದು ಪುಸ್ತಕದ ಪ್ರತಿ ಒಂದೇ ಕಡೆ ನಿಲ್ಲಬಲ್ಲದು. ನೀರಾವರಿಯ ಇಂಜಿನಿಯರಿಂಗ್ 627.52ರಲ್ಲಿಯೂ, ಬೇಸಾಯದ ದೃಷ್ಟಿಯ ನೀರಾವರಿ 631.587ರಲ್ಲಿಯೂ ದೂರ ದೂರ ಉಳಿಯುತ್ತವೆ. ಚದುರಿದ ಇವುಗಳನ್ನು ಒಟ್ಟಿಗೆ ತೋರಿಸುವುದರಲ್ಲಿ ಕಂಪ್ಯೂಟರಿಗೆ ಸರಿಸಾಟಿಯಿಲ್ಲ.

ಎರಡನೆಯದಾಗಿ, ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದಂತೆಯೇ. ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಓದಬೇಕು. ಐದು ಆರಕ್ಕಿಂತ ಮೊದಲಾದ್ದರಿಂದ 627.52 ನಿಲ್ಲಬೇಕಾದ್ದು 627.6ಕ್ಕಿಂತ ಮುಂಚೆ. ಹೊಸ ಸಹಾಯಕನು ಅದನ್ನು 'ಐವತ್ತೆರಡು' ಎಂದು ಓದಿ, ಅಣೆಕಟ್ಟುಗಳ 627.8ರ ಆಚೆಗೆ ಇಟ್ಟುಬಿಡುತ್ತಾನೆ. ಪುಸ್ತಕ ಕಪಾಟಿನಲ್ಲಿದೆ ಎಂದು ಪರದೆ ಹೇಳುತ್ತದೆ, ಓದುಗ ಬರಿಗೈಯಲ್ಲಿ ಮರಳುತ್ತಾನೆ. ಇದನ್ನು ಪತ್ತೆ ಹಚ್ಚಲು ಒಂದೇ ದಾರಿ: ಸಿಬ್ಬಂದಿ ಕಪಾಟಿನ ಚೀಟಿಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗಿ, ಏರಬೇಕಾದ ಸಂಖ್ಯೆ ಎಲ್ಲಿ ಇಳಿಯಿತೆಂದು ನೋಡುವುದು. ಪ್ರಸ್ತಾವ ಉಳಿಸಬಯಸುವ ಸಮಯ ಮುಖ್ಯವಾಗಿ ಇದೇ. ಆದರೆ ಬಂದ ಕ್ರಮದಲ್ಲಿ ಜೋಡಿಸಿದರೂ ಪುಸ್ತಕಗಳು ಜಾಗ ತಪ್ಪುತ್ತವೆ. ಆ ತಪಾಸಣೆ ಅಲ್ಲಿಯೂ ತಪ್ಪಿದ್ದಲ್ಲ.

ಓದುಗರು ಒಳಹೋಗದ ಉಗ್ರಾಣದಲ್ಲಿ, ಅಪರೂಪಕ್ಕೆ ಕೇಳುವ ಪುಸ್ತಕಗಳನ್ನು ಬಂದ ಕ್ರಮದಲ್ಲೇ ಇಡಲಿ, ನನ್ನ ಆಕ್ಷೇಪವಿಲ್ಲ. ತೆರೆದ ಕಪಾಟುಗಳಲ್ಲಿ ಮಾತ್ರ ಸಂಖ್ಯೆ ವಿಷಯವನ್ನೇ ಹೇಳಬೇಕು. ಓದುಗರು ಪದವನ್ನು ಟೈಪು ಮಾಡಿ ಒಂದು ಒಳ್ಳೆಯ ಪುಸ್ತಕವನ್ನು ಗುರುತಿಸಲಿ, ಅದರ ಸಂಖ್ಯೆಯನ್ನು ಬರೆದುಕೊಂಡು ಕಪಾಟಿಗೆ ಹೋಗಿ ಎಡಬಲಕ್ಕೆ ಒಂದೊಂದು ಮೊಳ ಕಣ್ಣಾಡಿಸಲಿ. ಸಮಿತಿಯ ಮುಂದಿನ ಸಭೆಯಲ್ಲಿ ನಾನು ಕೇಳಲಿರುವುದು ಇಷ್ಟನ್ನೇ.