ಪ್ರಯೋಗಶಾಲೆಯಿಂದ: ರಾಯರ ಕಣ್ಣಿನ ಹನಿ

ನಮ್ಮ ಸಂಘದ ಹಿರಿಯರೊಬ್ಬರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇವೆ. ಶಿವಮೊಗ್ಗದ ಕಡೆಯವರು, ಇಂಗ್ಲೆಂಡಿಗೆ ಬಂದು ನೆಲೆಸಿ ನಲವತ್ತು ವರ್ಷಗಳಾದವು. ನಮ್ಮನ್ನು ಅವರು ‘ಔಷಧಿ ಕೊಡದ ಡಾಕ್ಟ್ರು’ ಎಂದು ಹಾಸ್ಯ ಮಾಡುವುದುಂಟು. ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದವರು ಕುರ್ಚಿಯಲ್ಲಿ ಕುಸಿದು ಏದುಸಿರು ಬಿಡುತ್ತ, “ಏನಪ್ಪಾ ಡಾಕ್ಟ್ರೇ, ವಯಸ್ಸಾಯ್ತು ಅಂತ ಕಾಣುತ್ತೆ” ಎಂದರು. ನಾಡಿ ಹಿಡಿದು ಎಣಿಸಿದೆವು, ನಿಮಿಷಕ್ಕೆ 50. ಹೊಸದಾಗಿ ಏನಾದರೂ ಔಷಧಿ ಶುರುವಾಗಿದೆಯೇ ಎಂದು ಕೇಳಿದ್ದಕ್ಕೆ, “ಔಷಧಿ ಏನಿಲ್ಲ, ಕಣ್ಣಿಗೆ ಹನಿ ಮಾತ್ರ” ಎಂದರು. ಆ ‘ಮಾತ್ರ’ ಎಂಬ ಮಾತಿಗಾಗಿಯೇ ಈ ಸಲದ ಅಂಕಣ.

ರಾಯರಿಗೆ ಇದ್ದದ್ದು ಗ್ಲಾಕೋಮ. ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂಥ ದ್ರವವೊಂದು ಸದಾ ಊರುತ್ತ, ಅಂಚಿನಲ್ಲಿರುವ ಜರಡಿಯಂಥ ಜಾಲದ ಮೂಲಕ ಹೊರಕ್ಕೆ ಹೋಗುತ್ತಿರುತ್ತದೆ. ಬಚ್ಚಲಿನ ತೂಬು ಅರ್ಧ ಕಟ್ಟಿಕೊಂಡು ನಲ್ಲಿ ಮಾತ್ರ ಮೊದಲಿನಂತೆಯೇ ಹರಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಒತ್ತಡ ಏರಿ, ದೃಷ್ಟಿಯ ನರ ನಿಧಾನವಾಗಿ ಸವೆಯುತ್ತದೆ. ಸವೆದ ನರ ಮರಳಿ ಬಾರದು. ಚಿಕಿತ್ಸೆಯೆಲ್ಲ ಉಳಿದದ್ದನ್ನು ಕಾಯುವುದಕ್ಕೆ.

ಹನಿಗಳಲ್ಲಿ ಮುಖ್ಯವಾದವು ನಾಲ್ಕು ಜಾತಿ. ಲ್ಯಾಟನೊಪ್ರಾಸ್ಟ್ ಮುಂತಾದ ಪ್ರೋಸ್ಟಗ್ಲಾಂಡಿನ್ ಬಗೆಯವು ದ್ರವ ಹೊರಹೋಗಲು ಪಕ್ಕದ ದಾರಿಯನ್ನು ಅಗಲ ಮಾಡುತ್ತವೆ. ರಾತ್ರಿ ಒಂದೇ ಹನಿ ಸಾಕು. ಒತ್ತಡ ಸುಮಾರು ಕಾಲುಭಾಗಕ್ಕಿಂತ ಹೆಚ್ಚೇ ಇಳಿಯುತ್ತದೆ. ಕಣ್ಣು ಕೆಂಪಗಾಗುವುದು, ರೆಪ್ಪೆಗೂದಲು ಉದ್ದವಾಗುವುದು, ಕಣ್ಣ ಸುತ್ತ ಚರ್ಮ ಕಪ್ಪಾಗುವುದು ಇದರ ಉಪದ್ರವಗಳು. ಟಿಮೊಲಾಲ್ ಮುಂತಾದ ಬೀಟಾ ಬ್ಲಾಕರ್‌ಗಳು ನಲ್ಲಿಯನ್ನೇ ತಿರುಗಿಸಿ ದ್ರವದ ಉತ್ಪತ್ತಿ ತಗ್ಗಿಸುತ್ತವೆ. ಡಾರ್ಜೊಲಮೈಡ್ ಬಗೆಯವೂ ನಲ್ಲಿಯ ಕಡೆಯವೇ. ಹಾಕಿದಾಗ ಉರಿಯುತ್ತವೆ, ಬಾಯಿ ಕಹಿಯಾಗುತ್ತದೆ. ಬ್ರಿಮೊನಿಡಿನ್ ಎರಡೂ ಕೆಲಸ ಮಾಡುತ್ತದೆ. ಆದರೆ ಬಾಯಿ ಒಣಗಿಸಿ ತೂಕಡಿಕೆ ತರುತ್ತದೆ, ಕೆಲವರಿಗೆ ತಿಂಗಳುಗಳ ನಂತರ ಕಣ್ಣು ಕೆಂಪಾಗಿ ತುರಿಸುವ ಅಲರ್ಜಿ ಹುಟ್ಟುತ್ತದೆ.

ಕಣ್ಣಿಗೆ ಹಾಕಿದ್ದು ಬಾಯಿಗೆ ಹೇಗೆ ಕಹಿಯಾಯಿತು? ಇದು ನಮ್ಮ ಕಸುಬಿನ ಲೆಕ್ಕ. ಸೀಸೆಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ರೆಪ್ಪೆಗಳ ನಡುವೆ ಹಿಡಿಯುವುದು ಹೆಚ್ಚೆಂದರೆ 30; ಅದೂ ಕಣ್ಣು ಮಿಟುಕಿಸಿದರೆ ಉಳಿಯುವುದಿಲ್ಲ. ಹೆಚ್ಚಿನ ಭಾಗ ಮೂಗಿನ ಪಕ್ಕದ ಕಿರುನಾಳದಲ್ಲಿ ಮೂಗಿಗೂ ಗಂಟಲಿಗೂ ಇಳಿಯುತ್ತದೆ. ಮೂಗಿನ ಒಳಪೊರೆ ಔಷಧವನ್ನು ನೇರವಾಗಿ ರಕ್ತಕ್ಕೆ ಕೊಡುತ್ತದೆ. ನುಂಗಿದ ಗುಳಿಗೆಯ ಒಂದಂಶವನ್ನು ಯಕೃತ್ತು ಮೊದಲೇ ಮುರಿದುಹಾಕುತ್ತದೆ. ಈ ದಾರಿಯಲ್ಲಿ ಆ ಕಾವಲಿಲ್ಲ. ಆದುದರಿಂದ ಟಿಮೊಲಾಲ್ ಹನಿ ಹೃದಯದ ಬಡಿತ ನಿಧಾನಗೊಳಿಸಬಲ್ಲದು, ಉಬ್ಬಸದವರ ಶ್ವಾಸನಾಳ ಬಿಗಿಯಬಲ್ಲದು.

ರಾಯರ ಸೀಸೆಯನ್ನು ತರಿಸಿ ನೋಡಿದೆವು. ಹೆಸರೇನೋ ಹೊಸದು, ಕೆಳಗೆ ಸಣ್ಣಕ್ಷರದಲ್ಲಿ ಎರಡು ಔಷಧಗಳು, ಅವುಗಳಲ್ಲಿ ಒಂದು ಟಿಮೊಲಾಲ್. ಅವರಿಗೆ ಚಿಕ್ಕಂದಿನಿಂದ ಉಬ್ಬಸ. ಬರೆದುಕೊಟ್ಟವರು ಕೇಳಿರಲಿಲ್ಲ, ಕಣ್ಣಿಗೂ ಎದೆಗೂ ಏನು ಸಂಬಂಧ ಎಂದು ಇವರು ಹೇಳಿರಲಿಲ್ಲ. ಆಗಲೇ ವೈದ್ಯರಿಗೆ ಫೋನು ಮಾಡಿಸಿದೆವು. ಅದನ್ನು ನಿಲ್ಲಿಸಿ ಬೇರೆ ಸೀಸೆ ಕೊಟ್ಟರು. ವಾರದೊಳಗೆ ರಾಯರು ಮೆಟ್ಟಿಲನ್ನು ಮೊದಲಿನಂತೆ ಹತ್ತಿದರು.

ಕಣ್ಣಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಔಷಧವಿಲ್ಲದೆ ಅವರ ಒತ್ತಡ ಬಲಗಣ್ಣಿನಲ್ಲಿ 28 ಮಿಲಿಮೀಟರ್ ಪಾದರಸ, ಎಡಗಣ್ಣಿನಲ್ಲಿ 26. ಲ್ಯಾಟನೊಪ್ರಾಸ್ಟ್, ಡಾರ್ಜೊಲಮೈಡ್ ಎರಡನ್ನೂ ಹಾಕಿದ ಮೇಲೆ ಎರಡೂ 19ರ ಆಸುಪಾಸಿಗೆ ನಿಂತವು. ಬ್ರಿಮೊನಿಡಿನ್ ಸೇರಿಸಿದರೆ ಐದು ತಿಂಗಳಿಗೆ ಕಣ್ಣು ಕೆಂಡವಾಯಿತು.

ಹನಿ ಸೋತಿತು ಎನ್ನುವ ಮೊದಲು ಅದು ಕಣ್ಣೊಳಗೆ ಹೋಗುತ್ತಿದೆಯೇ ಎಂದು ನೋಡಬೇಕಲ್ಲವೇ? ಆಸ್ಪತ್ರೆಯ ನರ್ಸಮ್ಮ ರಾಯರಿಂದಲೇ ಹಾಕಿಸಿ ನೋಡಿದರು. ಮೊದಲ ಹನಿ ಕೆನ್ನೆಗೆ. ಎರಡನೆಯ ಔಷಧ ಹಿಂದೆಯೇ ಸುರಿದು ಮೊದಲನೆಯದನ್ನು ತೊಳೆದುಹಾಕಿತು. ಕೆಳರೆಪ್ಪೆ ಎಳೆದು ಒಂದೇ ಹನಿ, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತುವುದು, ಮುಂದಿನ ಔಷಧಕ್ಕೆ ಐದು ನಿಮಿಷ ಬಿಡುವುದು: ಇದನ್ನು ಕಲಿತ ಮೇಲೂ ಬಲಗಣ್ಣು 18ರಿಂದ ಇಳಿಯಲಿಲ್ಲ. ದೃಷ್ಟಿಕ್ಷೇತ್ರದ ಪರೀಕ್ಷೆಯಲ್ಲಿ ಆ ಕಣ್ಣಿನ ಕುರುಡು ತೇಪೆ ನಡುಬಿಂದುವಿನ ಹತ್ತಿರಕ್ಕೆ ಬಂದಿತ್ತು. ಎಡಗಣ್ಣಿನ ನಷ್ಟ ಅಲ್ಪ.

ಆಗ ವೈದ್ಯೆ ಕೇಳಿಕೊಂಡ ಪ್ರಶ್ನೆ, ಒತ್ತಡ ಎಷ್ಟಿದೆ ಎಂಬುದಲ್ಲ, ಎಷ್ಟಕ್ಕೆ ಇಳಿಯಬೇಕು ಎಂಬುದು. ಎಡಗಣ್ಣಿಗೆ 15 ಸಾಕು. ಬಲಗಣ್ಣಿಗೆ 12 ಬೇಕು, ಅದೂ ಬೇಗ.

ಎಡಗಣ್ಣಿಗೆ ಎಸ್.ಎಲ್.ಟಿ. ಎಂಬ ಲೇಸರ್ ಆಯಿತು. ದ್ರವ ಹೊರಹೋಗುವ ಕೋನ ತೆರೆದಿದೆಯೇ ಎಂದು ಕನ್ನಡಿಯಿರುವ ಮಸೂರದಿಂದ ಮೊದಲು ನೋಡುತ್ತಾರೆ; ಮುಚ್ಚಿದ ಕೋನಕ್ಕೆ ಇದು ಸಲ್ಲದು. ಕಣ್ಣನ್ನು ಮರಗಟ್ಟಿಸಿ, ಜರಡಿಯ ಸುತ್ತ ಸುಮಾರು ನೂರು ಕ್ಷಣಿಕ ಬೆಳಕಿನ ಹೊಡೆತ. ಐದು ನಿಮಿಷದ ಕೆಲಸ. ತೂತು ಕೊರೆಯುವುದಿಲ್ಲ, ಜರಡಿಯ ಬಣ್ಣದ ಕಣಗಳುಳ್ಳ ಜೀವಕೋಶಗಳನ್ನು ಕೆರಳಿಸುತ್ತದೆ, ತೂಬು ಕ್ರಮೇಣ ಸಡಿಲವಾಗುತ್ತದೆ. ಫಲ ತಿಳಿಯಲು ಆರೆಂಟು ವಾರ ಬೇಕು. ಕೆಲವು ವರ್ಷಗಳಲ್ಲಿ ಪರಿಣಾಮ ಕುಗ್ಗಬಹುದು, ಮತ್ತೆ ಮಾಡಬಹುದು. ರಾಯರ ಎಡಗಣ್ಣು 15ಕ್ಕೆ ಇಳಿಯಿತು. 2019ರಲ್ಲಿ ಪ್ರಕಟವಾದ ‘ಲೈಟ್’ ಎಂಬ ಬ್ರಿಟಿಷ್ ಅಧ್ಯಯನದಲ್ಲಿ ಲೇಸರನ್ನೇ ಮೊದಲು ಪಡೆದವರಲ್ಲಿ ಮುಕ್ಕಾಲು ಪಾಲು ಮಂದಿ ಮೂರು ವರ್ಷ ಹನಿಯಿಲ್ಲದೆ ಇದ್ದರು. 2022ರಿಂದ ಇಲ್ಲಿಯ ನೈಸ್ ಸಂಸ್ಥೆಯ ಸಲಹೆಯೂ ಹೊಸ ರೋಗಿಗಳಲ್ಲಿ ಬಹುಮಂದಿಗೆ ಲೇಸರನ್ನೇ ಮೊದಲು ಮಾಡಿ ಎಂದಿದೆ. ಹನಿ ಸೋತ ಮೇಲಷ್ಟೇ ಲೇಸರ್ ಎಂಬ ಸರದಿ ಹೀಗೆ ಬದಲಾಗಿದೆ.

ಬಲಗಣ್ಣಿಗೆ ಅಷ್ಟು ಸಾಲದು. ಆರು ಅಂಕ ಇಳಿಸುವ ಭರವಸೆ ಲೇಸರಿಗಿಲ್ಲ. ಕಾಯುವ ಎರಡು ತಿಂಗಳಲ್ಲಿ ನಡುದೃಷ್ಟಿಯೇ ಹೋದರೆ? ಅದಕ್ಕೆ ಟ್ರಬೆಕ್ಯುಲೆಕ್ಟಮಿ; 1968ರಲ್ಲಿ ಕೇಂಬ್ರಿಜಿನ ಕೇರ್ನ್ಸ್ ವಿವರಿಸಿದ ಶಸ್ತ್ರಕ್ರಿಯೆ. ಕಣ್ಣಿನ ಬಿಳಿಯ ಗೋಡೆಯಲ್ಲಿ ಪುಟ್ಟ ಬಾಗಿಲು ಕತ್ತರಿಸಿ, ಅದರಡಿ ರಂಧ್ರ ಮಾಡಿ, ಬಾಗಿಲನ್ನು ಸಡಿಲವಾಗಿ ಹೊಲಿಯುತ್ತಾರೆ. ದ್ರವ ಜಿನುಗಿ ಮೇಲುರೆಪ್ಪೆಯಡಿ ಚಿಕ್ಕ ಬೊಬ್ಬೆಯಂತೆ ನಿಲ್ಲುತ್ತದೆ. ದೇಹಕ್ಕೆ ಅದೊಂದು ಗಾಯ; ಮುಚ್ಚಿಬಿಡಲು ನೋಡುತ್ತದೆ. ಅದನ್ನು ತಡೆಯಲು ಮೈಟೋಮೈಸಿನ್ ಎಂಬ, ಕ್ಯಾನ್ಸರಿಗೂ ಬಳಸುವ ಔಷಧವನ್ನು ಕೆಲವು ನಿಮಿಷ ತಾಗಿಸುತ್ತಾರೆ. ವರ್ಷಗಟ್ಟಲೆ ಹನಿ ಹಾಕಿದ ಕಣ್ಣು ಹೆಚ್ಚು ಬೇಗ ಕಲೆಗಟ್ಟುತ್ತದೆ. ಹಲವು ಹನಿಗಳು ಕೆಡದಂತೆ ಬೆರೆಸುವ ಬೆನ್ಝಲ್ಕೋನಿಯಂ ಕ್ಲೋರೈಡ್ ಸಾಬೂನಿನ ಗುಣದ್ದು. ಕಣ್ಣಿನ ಮೇಲ್ಪೊರೆಯನ್ನು ಅದು ಕೆರಳಿಸುತ್ತಲೇ ಇರುತ್ತದೆ.

ಮೊದಲ ವಾರ ಒತ್ತಡ 5ಕ್ಕೆ ಕುಸಿದು ರಾಯರಿಗೆ ಎಲ್ಲವೂ ಮಂಜಾಯಿತು. ಕೆಲವು ವಾರ ವಾರಕ್ಕೊಮ್ಮೆ ಕರೆದೊಯ್ದೆವು. ಸ್ಟೆರಾಯಿಡ್ ಹನಿ ಮೂರು ತಿಂಗಳು ನಡೆಯಿತು. ಈಗ ಆ ಕಣ್ಣು ಯಾವ ಗ್ಲಾಕೋಮ ಹನಿಯೂ ಇಲ್ಲದೆ 11ರಲ್ಲಿದೆ. ಪೊರೆ ಬೇಗ ಬರಬಹುದೆಂದು ಮೊದಲೇ ಹೇಳಿದ್ದಾರೆ. ಬೊಬ್ಬೆಗೆ ವರ್ಷಗಳ ನಂತರವೂ ಸೋಂಕು ತಗಲಬಹುದು. ಕೆಂಪು, ನೋವು, ಪಿಸುರು, ಮಂಜು ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಈ ಮಾತನ್ನು ರಾಯರ ಶ್ರೀಮತಿಯವರು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದಾರೆ.

ಕಳೆದ ವಾರ ರಾಯರು ಬಂದು, “ನಿಮ್ಮ ಆಪರೇಷನ್ ಆದಮೇಲೂ ಮೊದಲಿಗಿಂತ ಚೆನ್ನಾಗೇನೂ ಕಾಣೋಲ್ಲವಲ್ಲ?” ಎಂದು ಕೇಳಿದರು. ಇಲ್ಲ, ಕಾಣುವುದಿಲ್ಲ. ಹೋದ ವರ್ಷ ಓದುತ್ತಿದ್ದ ಸಾಲನ್ನು ಈ ವರ್ಷವೂ ಓದುತ್ತಿದ್ದಾರೆ, ಅಷ್ಟೇ. ಬೇರೆ ವೈದ್ಯರು ಔಷಧಿಗಳ ಪಟ್ಟಿ ಕೇಳಿದಾಗ, ಹನಿಯ ಸೀಸೆಯನ್ನೂ ಮೇಜಿನ ಮೇಲಿಡಲು ಈಗ ಅವರು ಮರೆಯುವುದಿಲ್ಲ.