ಖಾತರಿಯ ಮಾತು ಮತ್ತು ಸತ್ಯಾಣುವ್ರತ

ನಮ್ಮ ಸಮಾಜದ ಯುವಕರೊಬ್ಬರು ಬೀದರ್ ನಗರದಲ್ಲಿ ಹಣಕಾಸು ಸಲಹೆಯ ವೃತ್ತಿ ನಡೆಸುತ್ತಾರೆ. ಭಾಲ್ಕಿ, ಔರಾದ್‌ಗಳ ಶ್ರಾವಕ ಕುಟುಂಬಗಳಿಗೂ ಜಿನಮಂದಿರಗಳ ವಿಶ್ವಸ್ತರಿಗೂ ಹಂಚಲು ಅವರು ಸಿದ್ಧಪಡಿಸಿದ ಉಳಿತಾಯದ ಪ್ರಕಟಣೆಯೊಂದನ್ನು ತಿದ್ದಿಕೊಡಲು ನನ್ನಲ್ಲಿಗೆ ತಂದರು. ಅದರಲ್ಲಿ ಹೀಗಿತ್ತು: “ತಿಂಗಳಿಗೆ 5,000 ರೂಪಾಯಿ ಹೂಡಿರಿ. ವರ್ಷಕ್ಕೆ ಶೇ. 15 ಖಚಿತ ಪ್ರತಿಫಲ. 15 ವರ್ಷಗಳಲ್ಲಿ 33 ಲಕ್ಷಕ್ಕೂ ಮಿಗಿಲು ನಿಮ್ಮದು. ಬ್ಯಾಂಕಿಗಿಂತಲೂ ಸುರಕ್ಷಿತ.” ಹಣ ಹೋಗುವುದು ಷೇರುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡಿಗೆ.

ಕಾಗುಣಿತದಲ್ಲಿ ದೋಷವಿರಲಿಲ್ಲ. ದೋಷವಿದ್ದುದು “ಖಚಿತ” ಎಂಬ ಒಂದು ಪದದಲ್ಲಿ. ಖಾತರಿ ಎಂದರೆ ಕೊರತೆ ಬಿದ್ದಾಗ ತನ್ನ ಗಂಟಿನಿಂದ ತುಂಬಿಕೊಡುವೆನೆಂಬ ಹೊಣೆ. ಈ ಹೊಣೆಯನ್ನು ಫಂಡು ಹೊತ್ತಿಲ್ಲ, ಸಲಹೆಗಾರರೂ ಹೊತ್ತಿಲ್ಲ. ಬೀದರ್ ಮಾರುಕಟ್ಟೆಯ ಯಾವ ದಲಾಲನೂ ಮುಂದಿನ ವರ್ಷದ ತೊಗರಿಯ ಧಾರಣೆಯನ್ನು ರೈತನಿಗೆ ಖಚಿತವೆಂದು ಬರೆದುಕೊಡಲಾರ. ಧಾನ್ಯದಲ್ಲಿ ಆಡಲಾರದ ಮಾತನ್ನು ಷೇರಿನಲ್ಲಿ ಆಡುವುದು ಹೇಗೆ? ನೋಂದಾಯಿತ ಹೂಡಿಕೆ ಸಲಹೆಗಾರರು ನಿಶ್ಚಿತ ಪ್ರತಿಫಲದ ಭರವಸೆ ನೀಡಿ ಜಾಹೀರಾತು ಮಾಡುವುದನ್ನು ಸೆಬಿ ಸಂಸ್ಥೆಯೂ ನಿಷೇಧಿಸಿದೆ.

ಗಣಿತವನ್ನೇ ನೋಡೋಣ. ತಿಂಗಳಿಗೆ 5,000ದಂತೆ 15 ವರ್ಷಕ್ಕೆ ಕಟ್ಟುವ ಮೊತ್ತ 9 ಲಕ್ಷ. ಪ್ರತಿಫಲ ಶೇ. 15 ಆದರೆ ಅದು ಸುಮಾರು 33.8 ಲಕ್ಷವಾಗುತ್ತದೆ; ಶೇ. 8 ಆದರೆ 17.4 ಲಕ್ಷ, ಶೇ. 4 ಆದರೆ 12.3 ಲಕ್ಷ ಮಾತ್ರ. ಮೂರರಲ್ಲಿ ಅತಿ ದೊಡ್ಡದೊಂದನ್ನೇ ಮುದ್ರಿಸಿ ಉಳಿದೆರಡನ್ನು ಮರೆಮಾಚುವುದು ಲೆಕ್ಕವಲ್ಲ, ಆಮಿಷ.

ಇಳಿತದ ಮಾತು ಪ್ರಕಟಣೆಯಲ್ಲಿ ಇರಲೇ ಇಲ್ಲ. 2008ರ ಜನವರಿಯಲ್ಲಿ 20 ಸಾವಿರ ಮೀರಿದ್ದ ಮುಂಬಯಿ ಸೂಚ್ಯಂಕವು 2009ರ ಮಾರ್ಚಿಗೆ 8 ಸಾವಿರದ ಸಮೀಪಕ್ಕೆ ಬಂದಿತು. ಹಳೆಯ ಮಟ್ಟ ಮುಟ್ಟಲು 2010ರ ನವೆಂಬರ್ ಬರಬೇಕಾಯಿತು. ಒಂದು ಲಕ್ಷ ನಲವತ್ತು ಸಾವಿರಕ್ಕೆ ಇಳಿದರೆ, ಮತ್ತೆ ಲಕ್ಷವಾಗಲು ಶೇ. 60 ಏರಿದರೆ ಸಾಲದು, ಶೇ. 150 ಏರಬೇಕು. ಕಾಯಬಲ್ಲವನು ಕಾದು ಗೆದ್ದಾನು. ಆದರೆ ಮಗಳ ವಿವಾಹ ನಿಶ್ಚಯವಾದ ತಂದೆಯೂ ಶಿಖರದ ಜೀರ್ಣೋದ್ಧಾರಕ್ಕೆ ಶಿಲ್ಪಿಗೆ ಹಣ ಕೊಡಬೇಕಾದ ವಿಶ್ವಸ್ತರೂ ಕಾಯಲಾರರು, ನಷ್ಟದಲ್ಲಿಯೇ ಮಾರಬೇಕಾಗುತ್ತದೆ.

“ಬ್ಯಾಂಕಿಗಿಂತಲೂ ಸುರಕ್ಷಿತ” ಎಂಬುದೂ ಸಲ್ಲದು. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. ಫಂಡಿನ ಹೂಡಿಕೆಗೆ ಅಂತಹ ವಿಮೆಯಿಲ್ಲ. ಬೆಲೆಯೇರಿಕೆಯು ಠೇವಣಿಯನ್ನೂ ಸವೆಸುತ್ತದೆ, ನಿಜ. ಅದನ್ನು ಹೇಳಬೇಕು, ಇದನ್ನೂ ಹೇಳಬೇಕು.

ಯುವಕರು ವಾದಿಸಿದರು: “ಕಾಕಾ, ‘ಮಾರುಕಟ್ಟೆಯ ಅಪಾಯಕ್ಕೆ ಒಳಪಟ್ಟಿದೆ’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇದೆಯಲ್ಲ. ನಮ್ಮ ಸ್ಯಾದ್ವಾದವೂ ಅದನ್ನೇ ಹೇಳುವುದಿಲ್ಲವೇ?” ಇಲ್ಲ. ‘ಸ್ಯಾತ್’ ಎಂಬುದು ನುಣುಚಿಕೊಳ್ಳುವ ಮಾತಲ್ಲ. ಯಾವ ಅಪೇಕ್ಷೆಯಿಂದ ನುಡಿಯುತ್ತಿದ್ದೇನೆಂದು ಸ್ಪಷ್ಟಪಡಿಸುವ ಮಾತು. ಮೇಲೆ ದಪ್ಪಕ್ಷರದಲ್ಲಿ ಏಕಾಂತ, ಕೆಳಗೆ ಸಣ್ಣಕ್ಷರದಲ್ಲಿ ಅನೇಕಾಂತ ಎಂಬುದು ನಮ್ಮ ದರ್ಶನವಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲಿಗೆ ಎಣಿಸುವುದು ಮಿಥ್ಯೋಪದೇಶವನ್ನು. ನಂಬಿ ಬಂದವನಿಗೆ ತಪ್ಪು ದಾರಿ ತೋರುವ ಸಲಹೆ ಅದಲ್ಲದೆ ಮತ್ತೇನು?

ನಾನು ತಿದ್ದಿಕೊಟ್ಟ ಪಾಠ ಇದು:

“ಈ ಹಣ ಷೇರುಗಳಲ್ಲಿ ತೊಡಗುತ್ತದೆ. ಪ್ರತಿಫಲ ಖಚಿತವಲ್ಲ, ಅಸಲೂ ಕಡಿಮೆಯಾಗಬಹುದು. ತಿಂಗಳಿಗೆ 5,000ದಂತೆ 15 ವರ್ಷ ಕಟ್ಟುವ 9 ಲಕ್ಷವು, ವರ್ಷಕ್ಕೆ ಶೇ. 4, 8, 15ರ ಪ್ರತಿಫಲ ದೊರೆತರೆ ಕ್ರಮವಾಗಿ 12.3, 17.4, 33.8 ಲಕ್ಷವಾದೀತು. ಇವು ಉದಾಹರಣೆಗಳು, ಭರವಸೆಗಳಲ್ಲ. ಇದಕ್ಕಿಂತ ಕಡಿಮೆಯೂ ಆಗಬಹುದು. 2008–09ರಲ್ಲಿ ಷೇರುಪೇಟೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಐದಾರು ವರ್ಷಗಳೊಳಗೆ ಬೇಕಾಗುವ ಹಣವನ್ನು ಇಲ್ಲಿ ಹೂಡಬೇಡಿರಿ. ಇದಕ್ಕೆ ಠೇವಣಿ ವಿಮೆಯಿಲ್ಲ. ನೀವು ಹೂಡಿದರೆ ಫಂಡ್ ಕಂಪನಿಯಿಂದ ನನಗೆ ಕಮಿಷನ್ ಸಿಗುತ್ತದೆ.”

ಕೊನೆಯ ವಾಕ್ಯವನ್ನು ಓದಿ ಯುವಕರು ಮೌನವಾದರು. ಇದನ್ನು ಹಂಚಿದರೆ ಗಿರಾಕಿಗಳು ಅರ್ಧವಾಗುವರೆಂದರು. ಆಗಬಹುದು. ಹೋಗುವ ಆ ಅರ್ಧಭಾಗ, ಇಳಿತದ ದಿನ ನಷ್ಟದಲ್ಲಿ ಮಾರಿ ಅವರ ಬಾಗಿಲಿಗೆ ಬರುತ್ತಿದ್ದವರೇ ಆಗಿದ್ದಾರು.

ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೇ. “ಖಚಿತ” ಎಂದವರಿಗೆ, ಕೊರತೆಯನ್ನು ನೀವೇ ತುಂಬುವಿರೆಂದು ಬರೆದು ಸಹಿ ಮಾಡಿರಿ ಎನ್ನಿರಿ. ಲೇಖನಿ ಹಿಂಜರಿದರೆ ಸಮಾಜದ ನಿಧಿಯೂ ಹಿಂಜರಿಯಲಿ.