ಬಿಲ್ಲಿನ ಕೆಳಗಿನ ಆ ಒಂದು ಸಾಲು

ಕಳೆದ ತಿಂಗಳು ನಾವು ನಾಲ್ಕು ಜನ ಹೊಸೂರಿನಿಂದ ಬೆಂಗಳೂರಿಗೆ ಹೋಗಿದ್ದೆವು. ಮಧ್ಯಾಹ್ನ ಒಂದು ಎಸಿ ಹೋಟೆಲಿನಲ್ಲಿ ಊಟ. ಬಿಲ್ಲು ಬಂತು: ಊಟಕ್ಕೆ 1,100, ಎರಡು ನೀರಿನ ಬಾಟಲಿಗೆ 100, ಒಟ್ಟು 1,200. ಅದರ ಕೆಳಗೆ 'ಸರ್ವಿಸ್ ಚಾರ್ಜ್ 10%' ಅಂತ 120. ಈ 1,320ರ ಮೇಲೆ ಶೇ 5 ಜಿಎಸ್‌ಟಿ 66. ಕೊಡಬೇಕಾದ್ದು 1,386.

ದಿನವಿಡೀ ಬ್ಯಾಂಕಿನಲ್ಲಿ ವೋಚರ್ ನೋಡುವ ಅಭ್ಯಾಸ ನಮ್ಮದು, ಕೂಡಿಸಿ ನೋಡಿದೆವು. ಆ ಒಂದು ಸಾಲು ಇಲ್ಲದಿದ್ದರೆ ಜಿಎಸ್‌ಟಿ 60 ಮಾತ್ರ, ಒಟ್ಟು 1,260. ಅಂದರೆ 126 ರೂಪಾಯಿ ಹೆಚ್ಚು. ಜೊತೆಗಿದ್ದವರು "ಹೋಗ್ಲಿ ಬಿಡ್ರಿ, ಅದೂ ಟ್ಯಾಕ್ಸೇ ಇರ್ಬೇಕು" ಅಂದರು. ಅಲ್ಲ. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಸರ್ವಿಸ್ ಚಾರ್ಜ್ ಹೋಟೆಲಿನವರ ಗಲ್ಲಾಪೆಟ್ಟಿಗೆಗೆ. ಅದರಲ್ಲಿ ಬಡಿಸಿದ ಹುಡುಗನಿಗೆ ಎಷ್ಟು ಸಿಗುತ್ತದೆ ಅಂತ ಬಿಲ್ಲು ಹೇಳುವುದಿಲ್ಲ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಊಟದ ಬಿಲ್ಲಿಗೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕಬಾರದು. ಹೋಟೆಲ್ ಸಂಘಗಳು ಕೋರ್ಟಿಗೆ ಹೋಗಿ ತಡೆ ತಂದಿದ್ದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಹಾಕಿವೆ. ಆದ್ದರಿಂದ "ಮೆನುವಿನಲ್ಲೇ ಬರೆದಿದೆಯಲ್ಲ ಸಾರ್" ಎಂಬ ಉತ್ತರ ಸಾಲದು. ಬರೆದು ಹಾಕಿದ ಮಾತ್ರಕ್ಕೆ ಅದು ಕಡ್ಡಾಯ ಆಗುವುದಿಲ್ಲ.

ಇನ್ನು ನೀರಿನ ಬಾಟಲಿ. ಎಂಆರ್‌ಪಿ 20, ಬಿಲ್ಲಿನಲ್ಲಿ 50. ನಾವು ಮೊದಲು ಸಿಟ್ಟಾಗಿದ್ದು ಇದಕ್ಕೇ. ಆದರೆ ಇಲ್ಲಿ ನಮ್ಮ ಕೈ ಸೋಲುತ್ತದೆ. ಕೂತು ತಿನ್ನುವ ಹೋಟೆಲು ಮಾರುವುದು ಬರೀ ಬಾಟಲಿಯನ್ನಲ್ಲ, ಜಾಗ, ಬಡಿಸುವ ಸೇವೆ ಎಲ್ಲ ಸೇರಿದ್ದನ್ನು. ಹಾಗಾಗಿ ಎಂಆರ್‌ಪಿ ಕಾನೂನು ಅಲ್ಲಿಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಅಂಗಡಿಯಲ್ಲಿ ಬಾಟಲಿ ಕೊಂಡು ಹೊರಟರೆ ಕಥೆ ಬೇರೆ, ಅಲ್ಲಿ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ತಪ್ಪೇ.

ನಮ್ಮ ವಾದ ಇರುವುದು ಇಲ್ಲೇ. 20ರ ನೀರಿಗೆ 50 ಯಾಕೆ ಅಂದರೆ "ಎಸಿ, ಕುರ್ಚಿ, ಸರ್ವಿಸ್ ಎಲ್ಲ ಸೇರಿದೆ" ಅನ್ನುತ್ತಾರೆ. ಸರಿ, ಒಪ್ಪಿದೆವು. ಹಾಗಾದರೆ ಅದೇ ಸರ್ವಿಸ್‌ಗೆ ಕೆಳಗೆ ಮತ್ತೆ ಶೇ 10 ಯಾಕೆ? ಒಂದೇ ವೋಚರಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಮೇಲ್ಮನವಿ ವಿಚಾರಣೆ ವೇಳೆ, 2025ರ ಆಗಸ್ಟಿನಲ್ಲಿ, ದೆಹಲಿ ಹೈಕೋರ್ಟ್ ಪೀಠ ಕೇಳಿದ್ದೂ ಇಂಥದ್ದೇ ಪ್ರಶ್ನೆ. ಹೋಟೆಲಿನವರಿಗೆ ಖರ್ಚು ಹೆಚ್ಚಿದ್ದರೆ ಊಟದ ದರವನ್ನೇ ಏರಿಸಿ ಮೆನುವಿನಲ್ಲಿ ಹಾಕಲಿ. ಅದನ್ನು ನೋಡಿ ಕೂರಬೇಕೋ ಏಳಬೇಕೋ ಅಂತ ನಾವು ತೀರ್ಮಾನಿಸುತ್ತೇವೆ. ತಿಂದು ಕೈ ತೊಳೆದ ಮೇಲೆ ಹೇಳುವುದು ವ್ಯಾಪಾರ ಅಲ್ಲ.

ನಾವು ಮಾಡಿದ್ದು ಇಷ್ಟೇ. ದುಡ್ಡು ಕೊಡುವ ಮೊದಲು ಕೌಂಟರಿಗೆ ಹೋಗಿ "ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ" ಅಂದೆವು. ಕೂಗಾಡಲಿಲ್ಲ. ಮ್ಯಾನೇಜರು ಮುಖ ಗಂಟಿಕ್ಕಿದರು, ಐದು ನಿಮಿಷ ಕಾಯಿಸಿದರು, ಕೊನೆಗೆ 1,260ರ ಬಿಲ್ ಬಂತು. ಬಡಿಸಿದ ಹುಡುಗನ ಕೈಗೆ ನೇರವಾಗಿ 50 ಕೊಟ್ಟು ಬಂದೆವು.

ತೆಗೆಯದಿದ್ದರೆ? ಊಟದ ದುಡ್ಡು ಕೊಡದೆ ಎದ್ದು ಬರಬೇಡಿ, ಆಗ ತಪ್ಪು ನಿಮ್ಮದಾಗುತ್ತದೆ. ಯುಪಿಐನಲ್ಲಿ ಕೊಡಿ, ಬಿಲ್ ಮತ್ತು ಮೆನುವಿನ ಫೋಟೋ ಇಟ್ಟುಕೊಳ್ಳಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಸಹಾಯವಾಣಿ ಆದೇಶ ಕೊಡುವುದಿಲ್ಲ, ಹೋಟೆಲಿನವರಿಗೆ ದೂರು ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ.

ಗಡಿಯಾಚೆ ಇರುವ ನಾವು ನೆನಪಿಡಬೇಕಾದ್ದು ಒಂದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಮಂಗಳೂರಿನಲ್ಲಿ ಉಂಡ ಕಾಸರಗೋಡಿನವರು ಕಾಸರಗೋಡಿನಲ್ಲೇ, ವಿಜಯಪುರದಲ್ಲಿ ಉಂಡ ಅಕ್ಕಲಕೋಟೆಯವರು ಸೊಲ್ಲಾಪುರದಲ್ಲೇ. "ಪರ ರಾಜ್ಯದವ, ಮತ್ತೆ ಎಲ್ಲಿ ಬರ್ತಾನೆ" ಅಂದುಕೊಂಡವರ ಲೆಕ್ಕ ಅಲ್ಲಿಗೆ ತಪ್ಪುತ್ತದೆ.

126 ರೂಪಾಯಿಗೆ ಆಯೋಗದವರೆಗೆ ಎಲ್ಲರೂ ಹೋಗಲಾರರು, ಗೊತ್ತು. ಆದರೆ ಕೌಂಟರಿನವರೆಗೆ ಹತ್ತು ಹೆಜ್ಜೆ ಹೋಗಬಹುದಲ್ಲ? ಈ ಸಾಲು ನಡೆಯುತ್ತಿರುವುದೇ ಜೊತೆಗಿದ್ದವರ ಮುಂದೆ ಕೇಳಲು ನಮಗಿರುವ ನಾಚಿಕೆಯ ಮೇಲೆ. ಮುಂದಿನ ಸಲ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ.